ಚಾರ್ಜ್‌ಗೆ 39, ಡಿಸ್ಚಾರ್ಜ್‌ಗೆ 33

"ಮಾಮ, ಒಂದೇ ಕೆಪಾಸಿಟರ್, ಒಂದೇ ರೆಸಿಸ್ಟರ್. ಎರಡು ಉತ್ತರ ಹೇಗೆ ಬರುತ್ತೆ?" ಅಂತ ಅಕ್ಕನ ಮಗಳು ಗ್ರಾಫ್ ಹಾಳೆ ಮುಂದಿಟ್ಟಳು. ಬಿಎಸ್ಸಿ ಓದುತ್ತಿದ್ದಾಳೆ. ನಮ್ಮ ಹಳೆಯ ಪಂಪಿನ 36 ಮೈಕ್ರೋಫ್ಯಾರಡ್ ಕೆಪಾಸಿಟರ್, 1 ಮೆಗಾಓಮ್ ರೆಸಿಸ್ಟರ್, 9 ವೋಲ್ಟ್ ಸಪ್ಲೈ. ಕೆಪಾಸಿಟರ್, ರೆಸಿಸ್ಟರ್ ಎರಡರ ಬೆಲೆ ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ ಅಂದರೆ ಶೇ. 63 ಚಾರ್ಜ್ ಆಗಲು ಅಥವಾ ಶೇ. 37ಕ್ಕೆ ಇಳಿಯಲು ಹಿಡಿಯುವ ಹೊತ್ತು, 36 ಸೆಕೆಂಡ್ ಬರಬೇಕು. ಐದೈದು ಸೆಕೆಂಡಿಗೆ ಮಲ್ಟಿಮೀಟರ್ ಓದಿ ಚುಕ್ಕೆ ಇಟ್ಟಿದ್ದಳು.

ಚಾರ್ಜ್ ಆಗುವಾಗ 9ರಲ್ಲಿ ಶೇ. 63, ಅಂದರೆ 5.7 ವೋಲ್ಟ್ ಮುಟ್ಟಿದ್ದು 39ನೇ ಸೆಕೆಂಡಿಗೆ. ಡಿಸ್ಚಾರ್ಜ್‌ನಲ್ಲಿ ಶುರುವಿನ ವೋಲ್ಟೇಜ್‌ನ ಶೇ. 37ಕ್ಕೆ ಇಳಿದಿದ್ದು 33ಕ್ಕೆ. ಒಂದು 36ಕ್ಕಿಂತ ಜಾಸ್ತಿ, ಇನ್ನೊಂದು ಕಡಿಮೆ. ಸರಾಸರಿ ತೆಗೆದರೆ ಸರಿಯಾಗಿ 36! ಬಹಳ ಜನ ಹಾಗೇ ಬರೆದು ರೆಕಾರ್ಡ್ ಮುಚ್ಚುತ್ತಾರೆ. ಇವಳು ಮುಚ್ಚಲಿಲ್ಲ, ಅದೇ ಖುಷಿ.

ಚಾರ್ಜ್ ಗೆರೆಯ ತುದಿ ನೋಡು ಅಂದೆ. ಅದು 9ರ ಹತ್ತಿರ ಹೋಗಿರಲಿಲ್ಲ, 8.2ರಲ್ಲೇ ಚಪ್ಪಟೆಯಾಗಿತ್ತು. "ಸಪ್ಲೈ ಇಳಿದಿರಬೇಕು" ಅಂದಳು. ಅಳೆದರೆ ಸಪ್ಲೈ 9 ವೋಲ್ಟೇ ಇದೆ.

ಮೀಟರ್ ಕಿತ್ತು, ಸರ್ಕ್ಯೂಟ್ ಹಾಗೇ ಬಿಟ್ಟು ಮೂರು ನಿಮಿಷ ಕಾದೆವು. ಆಮೇಲೆ ಕೆಪಾಸಿಟರ್‌ಗೆ ಮೀಟರಿನ ಎರಡೂ ಕಡ್ಡಿ ಮುಟ್ಟಿಸಿದಳು. ಮೊದಲು ಕಂಡಿದ್ದು ಹೆಚ್ಚುಕಮ್ಮಿ 9. ನೋಡನೋಡುತ್ತಿದ್ದಂತೆ 8.8, 8.6, 8.4... ಜಾರುತ್ತಾ ಹೋಗಿ ಮತ್ತೆ 8.2ಕ್ಕೆ ನಿಂತಿತು. ಕಳ್ಳ ಸಿಕ್ಕಿಬಿದ್ದ.

ಮೀಟರಿಗೂ 10 ಮೆಗಾಓಮ್ ರೆಸಿಸ್ಟೆನ್ಸ್ ಇದೆಯಲ್ವಾ? ಅದು ಕೆಪಾಸಿಟರಿನ ಪಕ್ಕದಲ್ಲೇ ಕೂತು ಸದಾ ಒಂಚೂರು ಕರೆಂಟ್ ಎಳೆಯುತ್ತಿರುತ್ತದೆ. ಆ ಕರೆಂಟ್ ನಮ್ಮ 1 ಮೆಗಾಓಮ್ ದಾಟಿಯೇ ಬರಬೇಕು. 9 ವೋಲ್ಟನ್ನು ಹನ್ನೊಂದು ಪಾಲು ಮಾಡಿದರೆ ಒಂದು ಪಾಲು, ಅಂದರೆ 0.8 ವೋಲ್ಟ್, ಅಲ್ಲೇ ಖರ್ಚು. ಟೈಮ್ ಕಾನ್‌ಸ್ಟಂಟ್ ಕೂಡ ಬದಲಾಗುತ್ತದೆ. ಕೆಪಾಸಿಟರಿನ ಕಡೆಯಿಂದ ನೋಡಿದರೆ ಎರಡೂ ರೆಸಿಸ್ಟರ್ ಪ್ಯಾರಲಲ್. ಒಟ್ಟು 0.91 ಮೆಗಾಓಮ್, ಹಾಗಾಗಿ 33 ಸೆಕೆಂಡ್.

ಅಂದರೆ ಡಿಸ್ಚಾರ್ಜ್ ಗ್ರಾಫ್ ಹೇಳಿದ್ದೇ ನಿಜ. ಚಾರ್ಜ್ ಗ್ರಾಫಿನಲ್ಲಿ ಶೇ. 63 ತೆಗೆಯಬೇಕಾಗಿದ್ದು ಸಪ್ಲೈ ವೋಲ್ಟೇಜ್‌ಗಲ್ಲ, ಗೆರೆ ಚಪ್ಪಟೆಯಾದ 8.2ಕ್ಕೆ. ಅದು 5.2 ವೋಲ್ಟ್. ಅವಳ ಗ್ರಾಫಿನಲ್ಲಿ ಆ ಎತ್ತರದಿಂದ ಕೆಳಗೆ ಗೆರೆ ಎಳೆದರೆ ಸಿಕ್ಕಿದ್ದು 33.

ಮೀಟರಿನ ಕಾಟ ಬೇಡವೆಂದರೆ ರೆಸಿಸ್ಟರ್ ಚಿಕ್ಕದಿರಬೇಕು. 33 ಕಿಲೋಓಮ್, 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಹಾಕಿಸಿದೆ. ಲೆಕ್ಕಕ್ಕೆ 33 ಸೆಕೆಂಡ್ ಬರಬೇಕು. ಎರಡೂ ಕಡೆ 37 ಬಂತು. "ಮತ್ತೆ ತಪ್ಪಾಯ್ತಾ ಮಾಮ?" ಇಲ್ಲ ಕಣೇ, ಎಲೆಕ್ಟ್ರೋಲೈಟಿಕ್‌ನಲ್ಲಿ ಬರೆದ ಬೆಲೆಗಿಂತ ಶೇ. 20 ಆಚೀಚೆ ಇರೋದು ಮಾಮೂಲಿ. ನಿನ್ನದು ಸುಮಾರು 1120 ಇದೆ, ಅದನ್ನೇ ರೆಕಾರ್ಡಿನಲ್ಲಿ ಬರಿ ಅಂದೆ.