ವೈವಾದ ಸ್ಲೈಡುಗಳಿಂದ 250 ಪದಗಳ ಸಾರಲೇಖಕ್ಕೆ

"ಪ್ರಬಂಧದ ವೈವಾಗೆ ಮಾಡಿದ ನಲವತ್ತು ಸ್ಲೈಡುಗಳಿವೆ. ಸಾರಲೇಖ 250 ಪದ ದಾಟುವಂತಿಲ್ಲ ಎನ್ನುತ್ತಾರೆ. ಯಾವುದನ್ನು ಬಿಡಲಿ?"

ಮೊದಲ ಸ್ಲೈಡಿನಿಂದ ಶುರು ಮಾಡಬೇಡಿ. ಹಾಗೆ ಮಾಡಿದವರ ಪದಗಳಲ್ಲಿ ಅರ್ಧದಷ್ಟು ಹಿನ್ನೆಲೆ, ಉದ್ದೇಶಗಳಲ್ಲೇ ಮುಗಿದು, ಫಲಿತಾಂಶಕ್ಕೆ ಕೊನೆಯ ಎರಡು ಸಾಲು ಉಳಿದಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಫಲಿತಾಂಶದ ಸ್ಲೈಡುಗಳನ್ನಷ್ಟೇ ತೆರೆದಿಟ್ಟುಕೊಂಡು ಅವುಗಳನ್ನೇ ಮೊದಲು ಬರೆಯಿರಿ; ಸುಮಾರು 110 ಪದ ಅವಕ್ಕೆ ಮೀಸಲಿರಲಿ. ವಿಧಾನಕ್ಕೆ 60, ಹಿನ್ನೆಲೆಗೆ 40, ತೀರ್ಮಾನಕ್ಕೆ 40 ಸಾಕು. ಸಾಹಿತ್ಯ ಸಮೀಕ್ಷೆ, ಅಧ್ಯಾಯಗಳ ಪಟ್ಟಿ, ಉಪಕರಣದ ಮಾದರಿ ಸಂಖ್ಯೆ ಬೇಡವೇ ಬೇಡ.

ಕಷ್ಟವಿರುವುದು ಗ್ರಾಫನ್ನು ವಾಕ್ಯವಾಗಿಸುವಲ್ಲಿ. ಕೊಳವೆಬಾವಿ ನೀರಿನ ಫ್ಲೋರೈಡ್ ಕುರಿತ ಒಂದು ಕಲ್ಪಿತ ಪ್ರಬಂಧವನ್ನು ತೆಗೆದುಕೊಳ್ಳೋಣ. ಸ್ಲೈಡಿನಲ್ಲಿ "ಫ್ಲೋರೈಡ್ – ಆಳ – ಬೇಸಿಗೆ" ಎಂಬ ಮೂರು ಪದ, ಕೆಳಗೆ ಚುಕ್ಕೆಗಳ ಗ್ರಾಫ್. ಕ್ರಿಯಾಪದವೇ ಇಲ್ಲ, ಅದನ್ನು ಅಂದು ನೀವು ಬಾಯಲ್ಲಿ ಹೇಳಿದ್ದಿರಿ. ಅದನ್ನೇ "ಫ್ಲೋರೈಡ್ ಮತ್ತು ಆಳದ ಸಂಬಂಧವನ್ನು ವಿಶ್ಲೇಷಿಸಲಾಯಿತು" ಎಂದು ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ, ಏಕೆಂದರೆ ಅದು ಮಾಡಿದ ಕೆಲಸವೇ ಹೊರತು ಕಂಡುಕೊಂಡದ್ದಲ್ಲ. ಹೀಗೆ ಬರೆಯಿರಿ: "ಬೇಸಿಗೆಯಲ್ಲಿ ಪರೀಕ್ಷಿಸಿದ 60 ಕೊಳವೆಬಾವಿಗಳ ಪೈಕಿ 27ರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿತ್ತು. ಅವುಗಳಲ್ಲಿ 21 ಬಾವಿಗಳು 150 ಮೀಟರಿಗಿಂತ ಆಳವಾಗಿದ್ದವು." ಎಷ್ಟರಲ್ಲಿ ಎಷ್ಟು, ಯಾವ ಮಿತಿಗೆ ಹೋಲಿಸಿ, ಯಾವ ಋತುವಿನಲ್ಲಿ ಎಂಬುದೆಲ್ಲ ಇದರಲ್ಲಿದೆ. ಆದರೂ ಒಂದು ಕೊರತೆ ಉಳಿಯಿತು. ಪರೀಕ್ಷಿಸಿದ ಬಾವಿಗಳಲ್ಲಿ ಹೆಚ್ಚಿನವು ಆಳದವೇ ಆಗಿದ್ದರೆ 21 ಎಂಬ ಅಂಕಿ ಏನನ್ನೂ ಸಾಧಿಸುವುದಿಲ್ಲ. ಗ್ರಾಫಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ, ವಾಕ್ಯದಲ್ಲಿ ಹೇಳಲೇಬೇಕು: "ಆಳದ 30 ಬಾವಿಗಳ ಪೈಕಿ 21ರಲ್ಲಿ, ಉಳಿದ 30ರ ಪೈಕಿ 6ರಲ್ಲಿ."

ಪದ ಮೀರಿದಾಗ ಹಲವರು ಮೊದಲು ಕತ್ತರಿಸುವುದು ಇಂಥ ಅಂಕಿಗಳನ್ನೇ. ಅದು ತಪ್ಪು. "ಈ ಅಧ್ಯಯನದಿಂದ ತಿಳಿದುಬಂದ ಪ್ರಮುಖ ಅಂಶವೇನೆಂದರೆ" ಎಂಬ ಐದು ಪದಗಳನ್ನು ತೆಗೆಯಿರಿ. "ಫ್ಲೋರೈಡ್ ಇಂದು ಗಂಭೀರ ಸಮಸ್ಯೆಯಾಗಿದೆ" ಎಂಬ ಆರಂಭವನ್ನೂ ತೆಗೆಯಿರಿ.

ವೈವಾದಲ್ಲಿ ಪರೀಕ್ಷಕರು ಕೆಣಕಿ ಕೇಳಿದ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. "ಒಂದೇ ವರ್ಷದ ಮಾದರಿಯಲ್ಲವೇ?" ಎಂದಿದ್ದರೆ ಆ ಮಿತಿ ತೀರ್ಮಾನದಲ್ಲಿ ಕಾಣಬೇಕು, "ಆಳವೇ ಕಾರಣ" ಎನ್ನುವ ಬದಲು "ಒಂದು ವರ್ಷದ ಮಾದರಿಗಳಲ್ಲಿ ಆಳದೊಂದಿಗೆ ಸಂಬಂಧ ಕಂಡಿತು" ಎನ್ನಬೇಕು. ಅಂದು ನೀವು ಎದುರಿಗಿದ್ದು ವಿವರಿಸಿದಿರಿ. ಸಾರಲೇಖ ಓದುವವರ ಎದುರು ನೀವಿರುವುದಿಲ್ಲ.

ಕೊನೆಗೆ ಪ್ರತಿ ಅಂಕಿಯನ್ನೂ ಸ್ಲೈಡಿನೊಂದಿಗಲ್ಲ, ತಿದ್ದುಪಡಿಯ ನಂತರದ ಪ್ರಬಂಧದೊಂದಿಗೆ ತಾಳೆ ನೋಡಿ. ಪದಗಳನ್ನು ಸಲ್ಲಿಕೆಯ ಆನ್‌ಲೈನ್ ಅರ್ಜಿಯಲ್ಲೇ ಎಣಿಸಿ. ಅಡ್ಡಗೆರೆಯಿರುವ ಪದವನ್ನು ಅದು ನಿಮ್ಮ ಕಂಪ್ಯೂಟರಿನಂತೆಯೇ ಎಣಿಸಬೇಕೆಂದಿಲ್ಲ.