ಹದಿನೆಂಟನೆಯ ಇಮೇಲ್

ಬುಧವಾರ ಬೆಳಿಗ್ಗೆ ಬಂದ ಹದಿನೇಳನೆಯ ಇಮೇಲ್‌ಗೆ ನಾನು ಬರೆದಿಟ್ಟ ಉತ್ತರ ಒಂದೂವರೆ ಪುಟದಷ್ಟಿತ್ತು. ಅದರಲ್ಲಿ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ. ಪ್ರತಿಯೊಂದು ಮಾತಿಗೂ ಹಿಂದಿನ ಮೇಲ್‌ಗಳ ದಿನಾಂಕ ಮತ್ತು ಸಮಯದ ಆಧಾರವಿತ್ತು. ಕಳಿಸುವ ಮುನ್ನ ಮತ್ತೊಮ್ಮೆ ಓದಿದಾಗ, ನಾವು ಸಿದ್ಧಪಡಿಸುತ್ತಿದ್ದ ಕೈಪಿಡಿಯ ಬಗ್ಗೆ ಅದರಲ್ಲಿ ಎರಡೇ ಸಾಲುಗಳಿರುವುದು ಕಣ್ಣಿಗೆ ಬಿತ್ತು. ಉಳಿದದ್ದೆಲ್ಲ ಯಾರು ಯಾವಾಗ ಏನು ಹೇಳಿದ್ದರು ಎಂಬುದರ ವಿಚಾರಣೆಯಾಗಿತ್ತು.

ಅದೊಂದು ತರಬೇತಿ ಕೈಪಿಡಿ. ಪಠ್ಯದ ಹೊಣೆ ನನ್ನದು, ಪುಟವಿನ್ಯಾಸದ ಹೊಣೆ ಬೇರೊಂದು ಸಂಸ್ಥೆಯಲ್ಲಿದ್ದ ಮಹಿಳೆಯೊಬ್ಬರದು. ನಾವಿಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ಮಾತನಾಡಿರಲಿಲ್ಲ. ಸೋಮವಾರ ನಾನು ‘ಅಂತಿಮ’ ಎಂಬ ಹೆಸರಿನಲ್ಲಿ ಕಡತವನ್ನು ಕಳಿಸಿದೆ, ಅದೇ ದಿನ ಸಂಜೆ ಹನ್ನೊಂದು ತಿದ್ದುಪಡಿಗಳ ಪಟ್ಟಿಯನ್ನೂ ಕಳಿಸಿದೆ. ಅಂತಿಮ ಎಂದರೆ ವಿಷಯ ಇನ್ನು ಬದಲಾಗುವುದಿಲ್ಲ, ಕರಡು ತಿದ್ದುವುದಷ್ಟೇ ಬಾಕಿ ಎಂಬುದು ನನ್ನ ಅರ್ಥ. ಅವರಿಗೆ ಅದು ಒಂದಕ್ಷರವೂ ಬದಲಾಗದೆ ಮುದ್ರಣಕ್ಕೆ ಹೋಗುವ ಕಡತ. ಈ ಒಂದು ಪದದ ಎರಡು ಅರ್ಥಗಳ ಮೇಲೆ ಮೂರು ದಿನಗಳಲ್ಲಿ ಹದಿನೇಳು ಮೇಲ್‌ಗಳು ಬೆಳೆದವು.

ಮೇಲ್‌ಗಳು ಬಿಸಿಯೇರುತ್ತಿದ್ದ ಗುರುತುಗಳು ಈಗ ಹಿಂದಿರುಗಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತವೆ. ಐದನೆಯ ಮೇಲ್‌ನಿಂದ ನಮಸ್ಕಾರ ಎಂಬ ಪದ ಬಿಟ್ಟುಹೋಗಿತ್ತು. ಏಳನೆಯದರಲ್ಲಿ ನಾನೇ ಮೊದಲ ಬಾರಿಗೆ ‘ಈ ಹಿಂದೆಯೇ ತಿಳಿಸಿರುವಂತೆ’ ಎಂದು ಬರೆದಿದ್ದೆ. ಹತ್ತನೆಯದರಲ್ಲಿ ಅವರು ನನ್ನ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದರ ಕೆಳಗೂ ಕೆಂಪು ಅಕ್ಷರದಲ್ಲಿ ಉತ್ತರ ಬರೆದಿದ್ದರು. ಇಬ್ಬರ ನಡುವೆ ಆರಂಭವಾದ ಮಾತಿಗೆ ಅಷ್ಟರಲ್ಲಿ ಎರಡೂ ಕಡೆಯಿಂದ ಸೇರಿ ಆರು ಜನರು ಸಿಸಿಯಲ್ಲಿ ಸಾಕ್ಷಿಗಳಾಗಿದ್ದರು. ಮೊದಲು ಅರ್ಧ ದಿನಕ್ಕೊಂದು ಬರುತ್ತಿದ್ದ ಉತ್ತರಗಳು ಹತ್ತು ನಿಮಿಷಕ್ಕೊಂದು ಬರತೊಡಗಿದ್ದವು. ಅಷ್ಟು ಬೇಗ ಬರುವ ಉತ್ತರವನ್ನು ಯಾರೂ ಓದಿ ಯೋಚಿಸಿ ಬರೆದಿರಲು ಸಾಧ್ಯವಿಲ್ಲ, ನಾನಂತೂ ಬರೆದಿರಲಿಲ್ಲ.

ಬರಹದಲ್ಲಿ ದನಿ ತಲುಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ತಲುಪುತ್ತಿಲ್ಲ ಎಂಬುದು ಬರೆಯುವವರಿಗೆ ತಿಳಿಯುವುದಿಲ್ಲ ಎಂಬುದೇ ನಿಜವಾದ ತೊಡಕು. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಬಗೆಯ ಮಾತುಗಳನ್ನು ಕೆಲವರು ಇಮೇಲ್‌ನಲ್ಲಿಯೂ ಕೆಲವರು ದನಿಯಲ್ಲಿಯೂ ತಿಳಿಸಿದರು. ಮಾತು ಗಂಭೀರವಾದದ್ದೋ ವ್ಯಂಗ್ಯವೋ ಎಂಬುದನ್ನು ದನಿ ಕೇಳಿದವರು ನಾಲ್ಕರಲ್ಲಿ ಸುಮಾರು ಮೂರು ಬಾರಿ ಸರಿಯಾಗಿ ಗುರುತಿಸಿದರು, ಇಮೇಲ್ ಓದಿದವರ ಊಹೆ ಮಾತ್ರ ನಾಣ್ಯ ಚಿಮ್ಮಿದ್ದಕ್ಕಿಂತ ಅಷ್ಟೇನೂ ಮೇಲಾಗಿರಲಿಲ್ಲ. ಆದರೆ ಕಳಿಸಿದವರಿಗೆ ಎರಡೂ ಬಗೆಯಲ್ಲಿ ತಮ್ಮ ಭಾವ ಒಂದೇ ರೀತಿ ತಲುಪುತ್ತದೆ ಎಂಬ ವಿಶ್ವಾಸವಿತ್ತು. ‘ಈ ಹಿಂದೆಯೇ ತಿಳಿಸಿರುವಂತೆ’ ಎಂದು ನಾನು ಬರೆದದ್ದು ಹಳೆಯ ಮೇಲ್‌ನತ್ತ ಗಮನ ಸೆಳೆಯಲು. ಅವರ ಕಿವಿಗೆ ಅದು ‘ನಿಮಗೆ ಓದಲು ಬರುವುದಿಲ್ಲವೇ’ ಎಂದು ಕೇಳಿಸಿತ್ತಂತೆ.

ಒಂದೂವರೆ ಪುಟದ ಉತ್ತರವನ್ನು ಅಳಿಸದೆ ಬದಿಗಿಟ್ಟು, ಫೋನಿನಲ್ಲಿ ಮಾತನಾಡೋಣ ಎಂದು ಕೇಳುವ ಚಿಕ್ಕ ಸಂದೇಶವನ್ನು ಬರೆಯಲು ಕುಳಿತೆ. ಐದಾರು ಸಾಲುಗಳಿಗೆ ನನಗೆ ನಲವತ್ತು ನಿಮಿಷ ಹಿಡಿಯಿತು. ಮೊದಲ ಪ್ರಯತ್ನ ಹೀಗಿತ್ತು: ‘ನಮ್ಮ ನಡುವೆ ತಪ್ಪು ತಿಳುವಳಿಕೆ ಉಂಟಾಗಿರುವಂತಿದೆ, ಸಮಾಧಾನವಾಗಿ ಮಾತನಾಡೋಣವೇ?’ ತಪ್ಪು ತಿಳಿದವರು ಯಾರು ಎಂಬ ಪ್ರಶ್ನೆ ಅದರಲ್ಲೇ ಇದೆ, ಸಮಾಧಾನವಾಗಿ ಎಂದರೆ ಇಲ್ಲಿಯವರೆಗೆ ನೀವು ಸಮಾಧಾನ ಕಳೆದುಕೊಂಡಿದ್ದಿರಿ ಎಂದೂ ಆಗುತ್ತದೆ. ಎರಡನೆಯದನ್ನು ತೀರಾ ಮೊಟಕುಗೊಳಿಸಿ, ‘ಬಿಡುವಿದ್ದಾಗ ಸ್ವಲ್ಪ ಮಾತನಾಡಬೇಕಿತ್ತು’ ಎಂದಷ್ಟೇ ಬರೆದೆ. ಅದನ್ನು ಮೇಲಧಿಕಾರಿಯಿಂದ ನಾನೇ ಪಡೆದಿದ್ದರೆ ಎಷ್ಟು ಹೆದರುತ್ತಿದ್ದೆ ಎಂದು ನೆನೆದು ಬಿಟ್ಟುಬಿಟ್ಟೆ. ವಿಷಯ ಹೇಳದೆ ಕರೆದರೆ ಕರೆಸಿಕೊಂಡವರು ರಕ್ಷಣೆಗೆ ಸಿದ್ಧರಾಗಿಯೇ ಬರುತ್ತಾರೆ. ಮೂರನೆಯದು ಸರಿಯಾಗಿಯೇ ಇತ್ತು, ಆದರೆ ಕೊನೆಯಲ್ಲಿ ‘ವೇಳಾಪಟ್ಟಿಯ ಬಗ್ಗೆ ಒಂದು ಸ್ಪಷ್ಟನೆ’ ಎಂದು ಎರಡು ವಾಕ್ಯ ಸೇರಿಸಿದ್ದೆ. ಅವು ಉಳಿದಿದ್ದರೆ ಅವರು ಉತ್ತರಿಸುತ್ತಿದ್ದದ್ದು ಆ ಎರಡು ವಾಕ್ಯಗಳಿಗೇ, ಕರೆಯ ಕೋರಿಕೆಗಲ್ಲ.

ಆ ಎರಡು ವಾಕ್ಯಗಳನ್ನು ತೆಗೆಯುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಒಪ್ಪಿದ ವೇಳಾಪಟ್ಟಿಯನ್ನು ನಾನು ಏಕಪಕ್ಷೀಯವಾಗಿ ಬದಲಿಸಿದೆ ಎಂದು ಹದಿನೇಳನೆಯ ಮೇಲ್‌ನಲ್ಲಿ ಆರು ಜನರ ಮುಂದೆ ಬರೆಯಲಾಗಿತ್ತು. ಅದಕ್ಕೆ ಉತ್ತರಿಸದೆ ಬಿಟ್ಟರೆ ಒಪ್ಪಿಕೊಂಡಂತಾಗುತ್ತದೆ ಎಂಬ ಭಯ ನಿಜವಾದದ್ದು, ಅದನ್ನು ಸಣ್ಣದೆಂದು ನಾನು ಈಗಲೂ ಹೇಳುವುದಿಲ್ಲ. ಕರೆಯಾದ ಮೇಲೆ ಹೇಗಿದ್ದರೂ ಬರಹದಲ್ಲಿ ತೀರ್ಮಾನವನ್ನು ಹಂಚಿಕೊಳ್ಳುತ್ತೇವೆ, ಅಗತ್ಯವಿದ್ದರೆ ದಿನಾಂಕದ ಮಾತನ್ನು ಆಗ ಸೇರಿಸಬಹುದು ಎಂದು ನನಗೆ ನಾನೇ ಹೇಳಿಕೊಂಡು ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು:

‘ನಮಸ್ಕಾರ. ಹನ್ನೊಂದು ತಿದ್ದುಪಡಿಗಳಲ್ಲಿ ಯಾವುವನ್ನು ಈಗ ಸೇರಿಸಬಹುದು ಎಂಬುದು ತೀರ್ಮಾನವಾಗಬೇಕಿದೆ. ಪಟ್ಟಿಯನ್ನು ಎದುರಿಗಿಟ್ಟುಕೊಂಡು ಫೋನಿನಲ್ಲಿ ಮಾತನಾಡಿದರೆ ಬೇಗ ಮುಗಿಯಬಹುದು ಎನಿಸುತ್ತದೆ. ಇಂದು ಸಂಜೆ 4ಕ್ಕೆ ಅಥವಾ ನಾಳೆ ಬೆಳಿಗ್ಗೆ 10.30ಕ್ಕೆ ಸುಮಾರು 20 ನಿಮಿಷ ಬಿಡುವಾಗಬಹುದೇ? ಬೇರೆ ಸಮಯ ಅನುಕೂಲವಿದ್ದರೆ ತಿಳಿಸಿ, ನಾನೇ ಕರೆ ಮಾಡುತ್ತೇನೆ. ತೀರ್ಮಾನವಾದದ್ದನ್ನು ಬರೆದು ಎಲ್ಲರಿಗೂ ಕಳಿಸೋಣ.’

ಇದರಲ್ಲಿ ಹಿಂದಿನ ಮೇಲ್‌ಗಳ ಪ್ರಸ್ತಾಪವಿಲ್ಲ, ಯಾರ ದನಿಯ ಬಗ್ಗೆಯೂ ಮಾತಿಲ್ಲ, ಕ್ಷಮೆಯೂ ಇಲ್ಲ. ಕ್ಷಮೆಯನ್ನು ಬೇಕೆಂದೇ ಬಿಟ್ಟಿದ್ದೆ, ಏಕೆಂದರೆ ಬಿಸಿಯಾದ ಮೇಲ್‌ಗಳ ನಡುವೆ ಬರೆದ ಕ್ಷಮೆ ಒಮ್ಮೊಮ್ಮೆ ಸೋಲೊಪ್ಪಿದಂತೆಯೂ ಒಮ್ಮೊಮ್ಮೆ ಚುಚ್ಚುಮಾತಿನಂತೆಯೂ ಓದಿಸಿಕೊಳ್ಳುತ್ತದೆ. ಎರಡು ಸಮಯಗಳನ್ನು ಕೊಟ್ಟದ್ದರಿಂದ ಆಯ್ಕೆ ಅವರ ಕೈಯಲ್ಲಿತ್ತು, ಎಷ್ಟು ನಿಮಿಷ ಎಂದು ಹೇಳಿದ್ದರಿಂದ ಇದು ಮುಗಿಯದ ವಾದವಾಗುವುದಿಲ್ಲ ಎಂಬ ಭರವಸೆಯಿತ್ತು. ಬರೆದು ಕಳಿಸೋಣ ಎಂಬ ಕೊನೆಯ ವಾಕ್ಯವನ್ನು ಸೇರಿಸದಿದ್ದರೆ, ದಾಖಲೆ ತಪ್ಪಿಸಲು ಫೋನ್ ಹಿಡಿಯುತ್ತಿದ್ದೇನೆ ಎಂದು ಅವರು ಭಾವಿಸುವುದಕ್ಕೆ ಎಲ್ಲ ಕಾರಣವೂ ಇತ್ತು.

ಆ ಅನುಮಾನ ಕೆಲವು ಸಂದರ್ಭಗಳಲ್ಲಿ ನ್ಯಾಯವಾದದ್ದೇ ಆಗಿರುತ್ತದೆ. ಹಿಂದೊಮ್ಮೆ ನನಗೆ ಬರಬೇಕಿದ್ದ ಹಣದ ವಿಷಯದಲ್ಲಿ ಎದುರಿನವರು ಮತ್ತೆ ಮತ್ತೆ ‘ಫೋನಿನಲ್ಲಿ ಮಾತನಾಡೋಣ’ ಎನ್ನುತ್ತಿದ್ದರು. ಫೋನಿನಲ್ಲಿ ಕೊಟ್ಟ ಮಾತು ಮರುದಿನದ ಮೇಲ್‌ನಲ್ಲಿ ಇರುತ್ತಿರಲಿಲ್ಲ. ಅಲ್ಲಿ ನಾನು ಬರಹವನ್ನು ಬಿಡಲಿಲ್ಲ, ಬಿಡಬಾರದಾಗಿತ್ತು ಕೂಡ. ಕಿರುಕುಳದ ದೂರು, ಒಪ್ಪಂದದ ಷರತ್ತು, ಒಬ್ಬರ ಅಧಿಕಾರ ಇನ್ನೊಬ್ಬರ ಕೆಲಸದ ಮೇಲೆ ತೂಗುವ ಪ್ರಸಂಗ, ಇಂಥವುಗಳಲ್ಲಿ ದುರ್ಬಲರಾದವರಿಗೆ ಇರುವ ಆಸರೆಯೇ ಬರಹ. ಕೈಪಿಡಿಯ ಜಗಳ ಆ ಜಾತಿಯದಲ್ಲ: ನಾವಿಬ್ಬರೂ ಸಮಾನರು, ಇಬ್ಬರಿಗೂ ಬೇಕಾದದ್ದು ಒಂದೇ ಪುಸ್ತಕ.

ಸಂದೇಶವನ್ನು ಎಲ್ಲರಿಗೂ ಕಳಿಸಬೇಕೇ, ಅವರೊಬ್ಬರಿಗೇ ಕಳಿಸಬೇಕೇ ಎಂದು ಮತ್ತಷ್ಟು ಹೊತ್ತು ಯೋಚಿಸಿದೆ. ಎಲ್ಲರ ಎದುರು ಕೇಳಿದರೆ ಅವರು ಒಪ್ಪುವುದೂ ಒಪ್ಪದಿರುವುದೂ ಪ್ರದರ್ಶನವಾಗುತ್ತದೆ. ಆದ್ದರಿಂದ ಅವರೊಬ್ಬರಿಗೇ ಕಳಿಸಿದೆ. ಎರಡು ಗಂಟೆಯ ನಂತರ ‘ನಾಳೆ 10.30 ಆಗಬಹುದು’ ಎಂಬ ಒಂದೇ ಸಾಲಿನ ಉತ್ತರ ಬಂತು. ಅದು ಬಂದ ಮೇಲಷ್ಟೇ, ಆರು ಜನರೂ ಇದ್ದ ಸರಣಿಯಲ್ಲಿ ಹದಿನೆಂಟನೆಯ ಮೇಲ್ ಆಗಿ ಹೀಗೆ ಬರೆದೆ: ‘ನಾವಿಬ್ಬರೂ ನಾಳೆ ಬೆಳಿಗ್ಗೆ ಇದರ ಬಗ್ಗೆ ಮಾತನಾಡುತ್ತಿದ್ದೇವೆ. ತೀರ್ಮಾನವನ್ನು ಮಧ್ಯಾಹ್ನದೊಳಗೆ ಇಲ್ಲಿಯೇ ತಿಳಿಸುತ್ತೇವೆ.’ ಈ ಎರಡು ಸಾಲುಗಳು ಇಲ್ಲದಿದ್ದರೆ ಸಿಸಿಯಲ್ಲಿದ್ದ ಯಾರಾದರೊಬ್ಬರು ರಾತ್ರಿಯೇ ಮಧ್ಯೆ ಬಂದು ತೀರ್ಪು ಕೊಟ್ಟುಬಿಡುವ ಸಾಧ್ಯತೆಯಿತ್ತು.

ಗುರುವಾರ ಕರೆ ಮಾಡುವ ಮೊದಲು ಮೇಲ್ ಪುಟವನ್ನು ಮುಚ್ಚಿ, ತಿದ್ದುಪಡಿಗಳ ಪಟ್ಟಿಯನ್ನು ಮಾತ್ರ ತೆರೆದಿಟ್ಟುಕೊಂಡೆ. ಮೇಲ್‌ಗಳು ತೆರೆದಿದ್ದರೆ ಅವುಗಳಿಂದ ಓದಿ ಹೇಳುವ ಆಸೆ ಆಗದಿರುತ್ತಿರಲಿಲ್ಲ. ಮೊದಲ ಅರ್ಧ ನಿಮಿಷ ಇಬ್ಬರ ಮಾತೂ ಬಿಗಿಯಾಗಿತ್ತು. ಸಿದ್ಧಮಾಡಿಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ: ‘ಒಂದು ತಿದ್ದುಪಡಿ ಬಂದರೆ ನಿಮ್ಮಲ್ಲಿ ಏನೇನು ಕೆಲಸ ಆಗಬೇಕು, ಅದನ್ನು ಮೊದಲು ಹೇಳುತ್ತೀರಾ ಮೇಡಂ?’ ಸ್ವಲ್ಪ ತಡೆದು ಅವರು ಹೇಳತೊಡಗಿದರು. ಪುಸ್ತಕದ ಕೊನೆಯಲ್ಲಿದ್ದ ಪದಸೂಚಿಯನ್ನು ಅವರು ಕೈಯಿಂದಲೇ ಮಾಡಿದ್ದರು. 42ನೆಯ ಪುಟದಲ್ಲಿ ಎರಡು ಸಾಲು ಹೆಚ್ಚಾದರೆ ಪಠ್ಯ ಮುಂದಿನ ಪುಟಕ್ಕೆ ಸರಿಯುತ್ತದೆ, ಅಲ್ಲಿಂದಾಚೆಗಿನ ಪುಟಸಂಖ್ಯೆಗಳನ್ನೆಲ್ಲ ಪದಸೂಚಿಯಲ್ಲಿ ಒಂದೊಂದಾಗಿ ಪರೀಕ್ಷಿಸಬೇಕು, ಅದಕ್ಕೆ ಅರ್ಧ ದಿನ ಬೇಕು. ಹದಿನೇಳು ಮೇಲ್‌ಗಳಲ್ಲಿ ಈ ಸಂಗತಿ ಒಮ್ಮೆಯೂ ಬಂದಿರಲಿಲ್ಲ. ಅವರು ಬರೆದಿರಲಿಲ್ಲ, ನಾನು ಕೇಳಿರಲಿಲ್ಲ. ‘ಇದು ನನಗೆ ಗೊತ್ತಿರಲಿಲ್ಲ’ ಎಂದಾಗ ಅವರು ‘ನಿಮಗೆ ಗೊತ್ತಿದೆ, ಆದರೂ ಒತ್ತಾಯಿಸುತ್ತಿದ್ದೀರಿ ಎಂದುಕೊಂಡಿದ್ದೆ ಸರ್’ ಎಂದರು. ಆ ದನಿಯಲ್ಲಿದ್ದ ಆಯಾಸ ನನಗೆ ಇನ್ನೂ ನೆನಪಿದೆ.

ಆಮೇಲೆ ಪಟ್ಟಿಯನ್ನು ಒಂದೊಂದಾಗಿ ನೋಡಿದೆವು. ಏಳು ತಿದ್ದುಪಡಿಗಳು ಸಾಲಿನೊಳಗೇ ಮುಗಿಯುವಂಥವು, ಅವನ್ನು ತಕ್ಷಣ ಸೇರಿಸಬಹುದಿತ್ತು. ಉಳಿದ ನಾಲ್ಕರಲ್ಲಿ ಮೂರನ್ನು ಅಷ್ಟೇ ಸಾಲುಗಳಲ್ಲಿ ಹೊಂದುವಂತೆ ನಾನು ಬೇರೆ ಮಾತುಗಳಲ್ಲಿ ಬರೆದುಕೊಡುವುದೆಂದಾಯಿತು. ಒಂದನ್ನು ಮುಂದಿನ ಮುದ್ರಣಕ್ಕೆ ಬಿಟ್ಟೆವು. ಒಟ್ಟು ಇಪ್ಪತ್ತೆರಡು ನಿಮಿಷ.

ಕರೆ ಮುಗಿದ ಕೂಡಲೇ ಐದು ಸಾಲುಗಳ ಟಿಪ್ಪಣಿ ಬರೆದು, ಎಲ್ಲರಿಗೂ ಕಳಿಸುವ ಮೊದಲು ಅವರಿಗೆ ತೋರಿಸಿದೆ. ವೇಳಾಪಟ್ಟಿಯ ಆರೋಪದ ಬಗ್ಗೆ ಬರೆಯುವ ಅಗತ್ಯ ಆಗ ನನಗೆ ಕಾಣಲಿಲ್ಲ. ‘ಏಳು ತಿದ್ದುಪಡಿಗಳನ್ನು ಸೇರಿಸಲು ವಿನ್ಯಾಸ ತಂಡ ಒಪ್ಪಿಕೊಂಡಿದೆ’ ಎಂದು ನಾನು ಬರೆದಿದ್ದ ವಾಕ್ಯವನ್ನು ಅವರು ‘ಏಳು ತಿದ್ದುಪಡಿಗಳನ್ನು ಈಗ ಸೇರಿಸುವುದೆಂದು ಇಬ್ಬರೂ ತೀರ್ಮಾನಿಸಿದ್ದೇವೆ’ ಎಂದು ಬದಲಿಸಿ ಹಿಂದಿರುಗಿಸಿದರು. ಒಪ್ಪಿಕೊಂಡಿದೆ ಎಂಬ ನನ್ನ ಪದದಲ್ಲಿ ಒಬ್ಬರು ಮಣಿದರು ಎಂಬ ಅರ್ಥ ಅಡಗಿತ್ತು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ತಿದ್ದಿದಂತೆಯೇ ಟಿಪ್ಪಣಿಯನ್ನು ಅದೇ ಸರಣಿಯಲ್ಲಿ ಕಳಿಸಿದೆ. ಆರು ಜನರಲ್ಲಿ ಒಬ್ಬರು ‘ಸರಿ’ ಎಂದು ಉತ್ತರಿಸಿದರು, ಶುಕ್ರವಾರ ಸಂಜೆ ಕಡತ ಮುದ್ರಣಕ್ಕೆ ಹೋಯಿತು.