ಡಿಸ್ಟಿಲ್ಡ್ ವಾಟರ್ ಕೂಡ ಆಸಿಡ್ ಕೇಳುತ್ತದೆ

ನಮ್ಮ ಲ್ಯಾಬಿಗೆ ಒಬ್ಬರೇ ಎರಡು ಬಾಟಲಿ ನೀರು ತಂದಿದ್ದರು. ಒಂದು ಬೋರ್‌ವೆಲ್‌ನದು, ಇನ್ನೊಂದು ಗುಡ್ಡದ ತೊರೆಯದು. ಮೀನು ಸಾಕಲು ಹೊಂಡ ತೋಡಿಸಿದ್ದರು. ಯಾವ ನೀರು ತುಂಬಿಸಬೇಕು ಎಂಬುದು ಅವರ ಪ್ರಶ್ನೆ. ಬೋರ್ ನೀರು ಎತ್ತಲು ಪಂಪ್ ಓಡಬೇಕು, ತೊರೆ ನೀರು ಪೈಪ್ ಹಾಕಿದರೆ ತಾನಾಗಿ ಹರಿದು ಬರುತ್ತದೆ. ಹಾಗಾಗಿ ಅವರ ಮನಸ್ಸು ತೊರೆಯ ಕಡೆಗೇ ಇತ್ತು. ಮೀನಿನ ಹೊಂಡದ ನೀರಿಗೆ ಒಟ್ಟು ಕ್ಷಾರೀಯತೆ, ಅಂದರೆ ನೀರು ಎಷ್ಟು ಆಸಿಡ್ ಹಿಡಿದುಕೊಳ್ಳಬಲ್ಲದು ಎನ್ನುವ ಟೋಟಲ್ ಅಲ್ಕಲಿನಿಟಿ, ಲೀಟರಿಗೆ 20 ಮಿಲಿಗ್ರಾಮ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸುಣ್ಣ ಹಾಕಬೇಕಾಗುತ್ತದೆ. "20 ದಾಟುತ್ತಾ ಇಲ್ವಾ, ಅಷ್ಟು ಹೇಳಿ ಸಾಕು" ಎಂದು ಹೇಳಿ ಹೋದರು.

ಪರೀಕ್ಷೆ ನೋಡಲು ತೀರಾ ಸರಳ. 100 ಮಿ.ಲೀ. ನೀರನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಬಣ್ಣ ಬದಲಿಸಿ ತೋರಿಸುವ ಇಂಡಿಕೇಟರ್ ಮೀಥೈಲ್ ಆರೆಂಜ್ ಎರಡು ಮೂರು ಹನಿ ಬಿಟ್ಟು, ಬ್ಯುರೆಟ್‌ನಿಂದ 0.02 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್ ಇಳಿಸುತ್ತಾ ಹೋಗುವುದು. ಹಳದಿ ಬಣ್ಣ ಕಿತ್ತಳೆಗೆ ತಿರುಗಿದಾಗ ನಿಲ್ಲಿಸುವುದು. ಆಸಿಡ್ ಸರಿಯಾಗಿ 0.0200 ಇದ್ದರೆ ಇಳಿದ ಮಿ.ಲೀ.ಯನ್ನು 10ರಿಂದ ಗುಣಿಸಿದರೆ ಉತ್ತರ ಸಿಕ್ಕಿತು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಮ್ ಅಂತ. ಒಣಗಿಸಿ ತೂಗಿದ ಸೋಡಿಯಂ ಕಾರ್ಬೊನೇಟ್ ಜೊತೆ ಆಸಿಡ್‌ಅನ್ನು ಬೆಳಿಗ್ಗೆಯೇ ತಾಳೆ ನೋಡಿದ್ದೆ. ಸರಿಯಾಗಿಯೇ ಇತ್ತು.

ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗನಿಗೆ ಕೈ ಕೂರಲಿ ಅಂತ ಇದನ್ನು ಅವನಿಗೇ ಕೊಟ್ಟೆ. ಅದೇ ನೀರನ್ನು ಪಕ್ಕದ ಬ್ಯುರೆಟ್‌ನಲ್ಲಿ ನಾನೂ ಮಾಡುತ್ತಾ ನಿಂತೆ. ಮೊದಲು ಇಬ್ಬರೂ ಫಿನಾಲ್ಫ್ತಲೀನ್ ಹಾಕಿ ನೋಡಿದೆವು. ಎರಡು ನೀರಿಗೂ ಗುಲಾಬಿ ಬಣ್ಣ ಬರಲಿಲ್ಲ. ಅಂದರೆ ಪಿಎಚ್ 8.3ಕ್ಕಿಂತ ಕೆಳಗಿದೆ, ಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಬೈಕಾರ್ಬೊನೇಟ್. ನೈಸರ್ಗಿಕ ನೀರಿನಲ್ಲಿ ಬಹುಪಾಲು ಹೀಗೇ ಇರುತ್ತದೆ.

ಬೋರ್ ನೀರಿಗೆ ನನ್ನದು 28.6 ಮಿ.ಲೀ., ಅವನದು 29.5. ಅಂದರೆ 286 ಮತ್ತು 295. ನೂರಕ್ಕೆ ಮೂರರಷ್ಟು ವ್ಯತ್ಯಾಸ. ಹೊಸಬನಿಗೆ ಇದು ಕೆಟ್ಟದ್ದೇನಲ್ಲ ಎಂದುಕೊಂಡು ಮುಂದೆ ಹೋದೆವು.

ತೊರೆ ನೀರಿಗೆ ನನಗೆ 1.5 ಬಂತು. ಅವನಿಗೆ 2.1. ಅಂದರೆ ನನ್ನ ಲೆಕ್ಕದಲ್ಲಿ 15, ಅವನ ಲೆಕ್ಕದಲ್ಲಿ 21. ಒಬ್ಬರು ಸುಣ್ಣ ಹಾಕಿ ಅಂದ ಹಾಗೆ, ಇನ್ನೊಬ್ಬರು ಬೇಡ ಅಂದ ಹಾಗೆ!

"ಮೇಡಂ, ಇನ್ನೊಂದ್ಸಲ ಮಾಡ್ಲಾ?" ಎಂದ. ಮಾಡಿದ. ಮತ್ತೆ 2.1. ನಾನೂ ಮಾಡಿದೆ, ಮತ್ತೆ 1.5. ಅವನ ಕೈ ನಡುಗುತ್ತಿರಲಿಲ್ಲ, ಬ್ಯುರೆಟ್ ಸೋರುತ್ತಿರಲಿಲ್ಲ. ಪ್ರತಿ ಸಲ ಅಷ್ಟೇ ಓದುತ್ತಿದ್ದ. ಹಾಗಾದರೆ ತೊಂದರೆ ಕೈಯದ್ದಲ್ಲ, ಕಣ್ಣಿನದ್ದು.

ಎರಡು ಫ್ಲಾಸ್ಕ್‌ಗಳನ್ನೂ ಬಿಳಿ ಟೈಲ್ ಮೇಲೆ ಪಕ್ಕಪಕ್ಕ ಇಟ್ಟೆವು. ನನ್ನದು ಹಳದಿ ಬಿಟ್ಟು ಆಗಷ್ಟೇ ಕಿತ್ತಳೆ ಕಡೆ ಹೊರಳಿತ್ತು. ಅವನದು ಕೆಂಪಿನ ಛಾಯೆ ಬಂದ ಗಟ್ಟಿ ಕಿತ್ತಳೆ. ಕೇಳಿದರೆ, "ಬಣ್ಣ ಬದಲಾಯ್ತು ಅಂತ ಗ್ಯಾರಂಟಿ ಆಗೋವರೆಗೂ ಬಿಟ್ಟೆ ಮೇಡಂ" ಎಂದ. ಅವನು ಹೇಳುವುದರಲ್ಲೂ ನ್ಯಾಯ ಇದೆ. ಮೀಥೈಲ್ ಆರೆಂಜ್ ಪಿಎಚ್ 4.4ರ ಮೇಲೆ ಹಳದಿ, 3.1ರ ಕೆಳಗೆ ಕೆಂಪು. ನಡುವೆ ಇರುವುದೆಲ್ಲ ಕಿತ್ತಳೆಯೇ. ಪುಸ್ತಕದಲ್ಲಿ 'ಕಿತ್ತಳೆ' ಅಂತಷ್ಟೇ ಬರೆದರೆ ಯಾವ ಕಿತ್ತಳೆ ಅಂತ ಯಾರಿಗೆ ಗೊತ್ತಾಗಬೇಕು?

ಬೇರೆ ಬೇರೆ ಫ್ಲಾಸ್ಕಿಗೆ ಒಂದಿಷ್ಟು ಹೆಚ್ಚು ಕಡಿಮೆ ಇಂಡಿಕೇಟರ್ ಹಾಕಿದರೂ ಈ ಗೊಂದಲ ಜಾಸ್ತಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ತಿರುಗುವ ಕ್ಷಣ ಮಸುಕಾಗುತ್ತದೆ. ಹಳದಿ ಬಲ್ಬಿನ ಬೆಳಕಿನಲ್ಲಂತೂ ಈ ಪರೀಕ್ಷೆ ಮಾಡಲೇಬಾರದು.

ಆದರೆ ಅದೇ ಕಣ್ಣು ಬೋರ್ ನೀರಿನಲ್ಲೂ ಇತ್ತಲ್ವಾ? ಅಲ್ಲಿ ಉತ್ತರ ಕೆಡಲಿಲ್ಲ ಯಾಕೆ? ಅವನಿಗೆ ಇದನ್ನು ಬಾಯಲ್ಲಿ ವಿವರಿಸುವ ಬದಲು ಒಂದು ಫ್ಲಾಸ್ಕಿಗೆ 100 ಮಿ.ಲೀ. ಡಿಸ್ಟಿಲ್ಡ್ ವಾಟರ್ ಅಳೆದು ಕೊಟ್ಟೆ. "ಇದನ್ನ ಟೈಟ್ರೇಟ್ ಮಾಡು, ನಿನ್ನ ಅದೇ ಬಣ್ಣ ಬರೋವರೆಗೂ" ಎಂದೆ.

"ಇದ್ರಲ್ಲಿ ಏನೂ ಇಲ್ವಲ್ಲ ಮೇಡಂ?"

"ಇಲ್ಲ ಅಂತಾನೇ ಮಾಡು ಅಂದಿದ್ದು."

ಮೂರು ಹನಿ ಮೀಥೈಲ್ ಆರೆಂಜ್ ಬಿಟ್ಟ. ಹಳದಿ ಬಂತು. ಒಂದು ಹನಿ ಆಸಿಡ್ ಬಿಟ್ಟು ಕಾದ. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು. ಆರನೇ ಹನಿಯ ಹೊತ್ತಿಗೆ ನನ್ನ ಬಣ್ಣ ಬಂದಿತ್ತು, ಬ್ಯುರೆಟ್ 0.3 ತೋರಿಸುತ್ತಿತ್ತು. ಅವನ ಬಣ್ಣ ಇನ್ನೂ ಬಂದಿರಲಿಲ್ಲ. ಅದು ಬಂದಾಗ ಓದಿದ್ದು 0.9. ಹುಡುಗ ಬ್ಯುರೆಟ್ ನೋಡಿದ, ಫ್ಲಾಸ್ಕ್ ನೋಡಿದ. ಆಮೇಲೆ ತಾನೇ ಪೆನ್ ತೆಗೆದುಕೊಂಡು ಬರೆದ. 2.1ರಲ್ಲಿ 0.9 ಹೋದರೆ 1.2. ನನ್ನ 1.5ರಲ್ಲಿ 0.3 ಹೋದರೂ 1.2.

ಲೆಕ್ಕವನ್ನು ಕಾಗದದ ಮೇಲೂ ನೋಡಬಹುದು. ಆಸಿಡ್ ಬಿದ್ದಾಗ ಬೈಕಾರ್ಬೊನೇಟ್ ಅದನ್ನು ಹಿಡಿದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇರುವಷ್ಟು ಬೈಕಾರ್ಬೊನೇಟ್ ಮುಗಿದ ಮೇಲೆ ಬಿದ್ದ ಆಸಿಡ್ ಹಾಗೇ ಉಳಿದು ನೀರಿನ ಪಿಎಚ್ ಇಳಿಸುತ್ತದೆ. ನಾವು ಅಳೆಯಬೇಕಾದ್ದು ಮೊದಲ ಭಾಗ ಮಾತ್ರ. ಆದರೆ ಇಂಡಿಕೇಟರ್ ಬಣ್ಣ ಬದಲಿಸಲು ಪಿಎಚ್ ಸುಮಾರು 4.3ಕ್ಕೆ ಬರಲೇಬೇಕು. ಅಂದರೆ ಲೀಟರಿಗೆ 0.05 ಮಿಲಿಮೋಲ್ ಹೈಡ್ರೋಜನ್ ಅಯಾನು ಸುಮ್ನೆ ಮಿಕ್ಕಿರಬೇಕು. 100 ಮಿ.ಲೀ.ಗೆ ಅದು 0.005. ನಮ್ಮ ಆಸಿಡ್‌ನ ಒಂದು ಮಿ.ಲೀ.ಯಲ್ಲಿ 0.02 ಇದೆ. ಹಾಗಾಗಿ ಬಣ್ಣ ತಿರುಗಿಸಲೆಂದೇ ಕಾಲು ಮಿ.ಲೀ. ಖರ್ಚು. ಪಿಎಚ್ 3.75ರವರೆಗೆ ಎಳೆದರೆ ಆ ಖರ್ಚು 0.9ಕ್ಕೆ ಏರುತ್ತದೆ. ಹುಡುಗನ ಗಟ್ಟಿ ಕಿತ್ತಳೆ ಎಲ್ಲಿತ್ತು ಅಂತ ಇದರಿಂದಲೇ ಗೊತ್ತಾಯಿತು.

28 ಮಿ.ಲೀ. ಆಸಿಡ್ ಹಿಡಿಯುವ ನೀರಿನಲ್ಲಿ ಈ ಖರ್ಚು ಕಾಣುವುದೇ ಇಲ್ಲ. ಒಂದೂಕಾಲು ಮಿ.ಲೀ.ಗೇ ಮುಗಿಯುವ ನೀರಿನಲ್ಲಿ ಅದೇ ಉತ್ತರವನ್ನು ನುಂಗಿಬಿಡುತ್ತದೆ.

"ಹಾಗಾದ್ರೆ ಬೋರ್ ನೀರಿನಲ್ಲೂ 0.9 ಕಳೀಬೇಕಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನನ್ನ ಬಣ್ಣಕ್ಕೆ ನಿಲ್ಲಿಸಿದರೆ ಏನೂ ಕಳೆಯಬಾರದು. ಅಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ದದ್ದರಿಂದ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ. ಅದು ನೀರಿನಲ್ಲೇ ಕರಗಿ ಕೂತು ಕಾರ್ಬಾನಿಕ್ ಆಸಿಡ್ ಆಗಿ ಪಿಎಚ್ ಇಳಿಸುತ್ತದೆ. 286 ಇರುವ ನೀರಿನಲ್ಲಿ ಬೈಕಾರ್ಬೊನೇಟ್ ಮುಗಿಯುವ ಹೊತ್ತಿಗೆ ಪಿಎಚ್ ತಾನಾಗಿಯೇ 4.3ರ ಹತ್ತಿರ ಬಂದಿರುತ್ತದೆ. ಮೀಥೈಲ್ ಆರೆಂಜ್ ತಿರುಗುವುದೂ ಅಲ್ಲೇ. ಅಂಥ ನೀರಿಗೆ ಈ ಇಂಡಿಕೇಟರ್ ಹೇಳಿ ಮಾಡಿಸಿದ್ದು. ತೊರೆ ನೀರಿನಲ್ಲಾದರೆ ಬೈಕಾರ್ಬೊನೇಟ್ ಮುಗಿಯುವುದು ಪಿಎಚ್ 5ರ ಆಸುಪಾಸಿನಲ್ಲಿ. ಅಲ್ಲಿ ಮೀಥೈಲ್ ಆರೆಂಜ್ ಇನ್ನೂ ಹಳದಿಯಾಗಿಯೇ ಇರುತ್ತದೆ.

ಇದೇ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಆಟವನ್ನೂ ಆಡುತ್ತದೆ. ಬೋರ್ ನೀರಿನ ಫ್ಲಾಸ್ಕ್‌ಅನ್ನು ಜೋರಾಗಿ ಕುಲುಕಿದರೆ, ಅಥವಾ ಎಂಡ್ ಪಾಯಿಂಟ್ ಆದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ, ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ. ಕಿತ್ತಳೆ ಮತ್ತೆ ಹಳದಿಗೆ ಜಾರುತ್ತದೆ. ಇನ್ನೂ ಕ್ಷಾರ ಉಳಿದಿದೆ ಅಂತ ತಿಳಿದು ಮತ್ತೆರಡು ಹನಿ ಬಿಡುವವರಿದ್ದಾರೆ. ಮೆಲ್ಲಗೆ ತಿರುಗಿಸಬೇಕು, ಮೊದಲ ಸಲ ತಿರುಗಿದ ಬಣ್ಣಕ್ಕೇ ಓದಬೇಕು.

1.2 ಅಂತ ಸಿಕ್ಕರೂ ನನಗೆ ಪೂರ್ತಿ ಸಮಾಧಾನ ಇರಲಿಲ್ಲ. ಒಂದು ಹನಿ ಸುಮಾರು 0.05 ಮಿ.ಲೀ., ಇಷ್ಟು ಸಣ್ಣ ಓದಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಕ್ಷಾರೀಯತೆಯ ನೀರಿಗೆ ಬಣ್ಣದ ಗೋಜೇ ಇಲ್ಲದ ಒಂದು ದಾರಿಯಿದೆ. ಮಧ್ಯಾಹ್ನ ಅದನ್ನು ಮಾಡಿದೆವು. 200 ಮಿ.ಲೀ. ತೊರೆ ನೀರು, 10 ಮಿ.ಲೀ.ಯ ಸಣ್ಣ ಬ್ಯುರೆಟ್, ಪಿಎಚ್ ಮೀಟರ್. ಪಿಎಚ್ 4.50 ಆದಾಗ ಇಳಿದದ್ದು 2.72 ಮಿ.ಲೀ. ಅಲ್ಲಿಂದ ಸರಿಯಾಗಿ 0.30 ಕೆಳಗೆ, 4.20 ಆದಾಗ ಒಟ್ಟು 3.04.

ಪಿಎಚ್ 0.3 ಇಳಿದರೆ ಹೈಡ್ರೋಜನ್ ಅಯಾನು ಎರಡರಷ್ಟಾಗುತ್ತದೆ. ಅಂದರೆ 4.50ರಲ್ಲಿ ಎಷ್ಟು ಆಸಿಡ್ ಮಿಕ್ಕಿತ್ತೋ ಅಷ್ಟನ್ನೇ ಮತ್ತೊಮ್ಮೆ ಹಾಕಿದ್ದೇವೆ. ಆ ಎರಡನೇ ಕಂತು 0.32. ಹಾಗಿದ್ದರೆ ಮೊದಲ ಓದಿನೊಳಗೆ ಅಡಗಿದ್ದ ಮಿಗತೆಯೂ 0.32. 2.72ರಲ್ಲಿ ಅದನ್ನು ಕಳೆದರೆ 2.40. ನೀರು 200 ಮಿ.ಲೀ. ಇದ್ದದ್ದರಿಂದ ಈ ಸಲ ಗುಣಿಸಬೇಕಾದ್ದು 5ರಿಂದ. ಉತ್ತರ 12. ನಮ್ಮ ಇಬ್ಬರ ಕಣ್ಣುಗಳೂ, ತಮ್ಮ ತಮ್ಮ ಖರ್ಚು ಕಳೆದುಕೊಂಡ ಮೇಲೆ, ಇದನ್ನೇ ಹೇಳಿದ್ದವು. ಅಪರೂಪಕ್ಕೆ ಇಷ್ಟು ಚೆನ್ನಾಗಿ ಕೂಡಿ ಬರುತ್ತದೆ.

ಹುಡುಗ ಸಂಜೆ ಪಿಎಚ್ 4.3ರಲ್ಲೇ ನಿಲ್ಲುವ ಬಫರ್ ದ್ರಾವಣ ಮಾಡಿ, 100 ಮಿ.ಲೀ.ಗೆ ಮೂರು ಹನಿ ಮೀಥೈಲ್ ಆರೆಂಜ್ ಹಾಕಿ, ಫ್ಲಾಸ್ಕಿನ ಬಾಯಿ ಮುಚ್ಚಿ ಬ್ಯುರೆಟ್ ಸ್ಟ್ಯಾಂಡ್ ಪಕ್ಕ ಇಟ್ಟ. ನಾನು ಹೇಳಿರಲಿಲ್ಲ. ಟೈಟ್ರೇಷನ್ ಮಾಡುವಾಗ ಈ ಬಣ್ಣಕ್ಕೆ ಹೋಲಿಸಿ ನಿಲ್ಲಿಸಿದರೆ ಯಾರು ಮಾಡಿದರೂ ಒಂದೇ ಕಿತ್ತಳೆ.

ರಿಪೋರ್ಟಿನಲ್ಲಿ ಬೋರ್ ನೀರಿಗೆ 286, ತೊರೆ ನೀರಿಗೆ 12 ಅಂತ ಬರೆದೆವು. ತೊರೆಯ ಅಂಕಿಯ ಪಕ್ಕ 'ಪಿಎಚ್ ಮೀಟರ್‌ನಿಂದ' ಎಂದೂ ಸೇರಿಸಿದೆವು. ನೀರು ತಂದವರು ಫೋನ್ ಮಾಡಿ, "12 ಅಂದ್ರೆ ಎಷ್ಟು ಸುಣ್ಣ ಹಾಕ್ಬೇಕು ಮೇಡಂ?" ಎಂದು ಕೇಳಿದರು. ಸುಣ್ಣ ಬೇಕು ಅಂತ ಈ ಅಂಕಿ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಹಾಕಿದ ಸುಣ್ಣದಲ್ಲಿ ಹೆಚ್ಚಿನದನ್ನು ಹೊಂಡದ ತಳದ ಹುಳಿ ಮಣ್ಣೇ ತಿಂದು ಹಾಕುತ್ತದೆ. ಹೊಂಡದ ನಾಲ್ಕೈದು ಕಡೆಯಿಂದ ಮೇಲ್ಪದರದ ಮಣ್ಣು ತೆಗೆದು, ಬೆರೆಸಿ, ಒಣಗಿಸಿ ತನ್ನಿ ಎಂದೆ.